ಸಂಪಿನೊಳಗೆ ಕುಸಿದ ಕೆಲಸಗಾರ: ಸೂಪರ್‌ವೈಸರ್ ವರದಿಯಲ್ಲಿ ಏನೇನು ಬರಬೇಕು?

ಸೈಟ್_ಉಡುಪಿ · ಮಂಗಳವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಇವತ್ತು ಬೆಳಿಗ್ಗೆ ನೆಲದಡಿಯ ನೀರಿನ ಸಂಪಿನೊಳಗೆ ಸೆಂಟ್ರಿಂಗ್ ಬಿಚ್ಚಲು ಇಳಿದ ಕೆಲಸಗಾರರೊಬ್ಬರು ಪ್ರಜ್ಞೆ ತಪ್ಪಿ ಬಿದ್ದರು. ಜೀವಕ್ಕೆ ಅಪಾಯ ಇಲ್ಲ ಎಂದು ಮಧ್ಯಾಹ್ನ ಆಸ್ಪತ್ರೆಯವರು ಹೇಳಿದ್ದಾರೆ, ಆದರೆ ಇನ್ನೂ ಐಸಿಯುನಲ್ಲಿದ್ದಾರೆ.

ಸಂಪ್ ಒಳಗಿನ ಅಳತೆ 5 ಮೀಟರ್ ಉದ್ದ, 4 ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ನಡುವೆ ಗೋಡೆ ಇರುವುದರಿಂದ ಎರಡು ಭಾಗ. ಪ್ರತಿ ಭಾಗಕ್ಕೆ ಎರಡಡಿಯ ಒಂದೊಂದು ಮ್ಯಾನ್‌ಹೋಲ್. ಮೇ ತಿಂಗಳಲ್ಲಿ ಸ್ಲ್ಯಾಬ್ ಹಾಕಿದ್ದು. ಮಳೆ ಹಿಡಿದ ಮೇಲೆ ಆ ಕಡೆ ಕೆಲಸ ನಿಂತಿತು. ಎರಡೂ ಬಾಯಿಗೆ ಪ್ಲೈ ಹಾಕಿ, ಮೇಲೆ ಟಾರ್ಪಾಲು, ಮರಳಿನ ಚೀಲ ಇಟ್ಟಿದ್ದರು. ಒಳಗೆ ಹಲಗೆ, ಜಾಕಿ ಎಲ್ಲ ಹಾಗೇ ಇತ್ತು. ಅಡಿಯಲ್ಲಿ ಒಂದಡಿಯಷ್ಟು ಮಳೆನೀರು.

ಇವತ್ತು ಒಂದನೇ ಭಾಗದ ಮುಚ್ಚಳ ತೆಗೆದು ಒಬ್ಬರು ಏಣಿಯಲ್ಲಿ ಇಳಿದರು. ನಾನು ಆಗ ಬಿ ಬ್ಲಾಕಿನಲ್ಲಿದ್ದೆ. ಒಂದೆರಡು ನಿಮಿಷದಲ್ಲಿ ಒಳಗಿನಿಂದ ಸದ್ದು ನಿಂತಿತಂತೆ. ಇನ್ನೊಬ್ಬ ಅರ್ಧ ಏಣಿ ಇಳಿದು ತಲೆ ಸುತ್ತಿ ಮೇಲೆ ಬಂದ. ಆಮೇಲೆ ಯಾರೋ ಬ್ರೇಕರ್‌ನ ಕಂಪ್ರೆಸರ್ ಪೈಪ್ ಒಳಗೆ ಬಿಟ್ಟು ಗಾಳಿ ಕೊಟ್ಟರು. ಅಗ್ನಿಶಾಮಕದವರು ಬಂದು ಉಸಿರಾಟದ ಸೆಟ್ ಹಾಕಿಕೊಂಡು ಇಳಿದು ಹೊರಗೆ ತೆಗೆದರು.

ನಾಳೆ ಬೆಳಿಗ್ಗೆ 10ಕ್ಕೆ ಹೆಡ್ ಆಫೀಸಿಗೆ ವರದಿ ಕೊಡಬೇಕು. ಅವರ ಫಾರ್ಮಿನಲ್ಲಿ "ಅಪಘಾತದ ಕಾರಣ" ಎಂದು ಒಂದೇ ಗೆರೆ ಉಂಟು. ಮಧ್ಯಾಹ್ನ 3ಕ್ಕೆ ಕಾಂಟ್ರಾಕ್ಟರ್ ಕಡೆಯವರು ಬೇರೆ ಸೈಟಿನಿಂದ ಗ್ಯಾಸ್ ಮೀಟರ್ ತಂದು ನೋಡಿದರು. ಆಮ್ಲಜನಕ ಶೇಕಡಾ 20.6 ಬಂತು. "ಗಾಳಿ ಸರಿಯೇ ಉಂಟಲ್ಲ, ಲೋ ಬಿಪಿಯಿಂದ ಬಿದ್ದರು ಅಂತ ಬರೆಯಿರಿ" ಎನ್ನುತ್ತಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಏನೇನು ಬರೆಯಬೇಕು, ಅನುಭವ ಇರುವವರು ಹೇಳಿ.

---

ಮಲ್ಪೆ_ಗಾಳಿ · 6:52

ಅಯ್ಯೋ ದೇವರೇ. ಬದುಕಿದರಲ್ಲ, ಅದೇ ದೊಡ್ಡದು. ನಮ್ಮ ಹಿರಿಯರು ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ವರದಿಯಲ್ಲಿ "ದೀಪ ಪರೀಕ್ಷೆ ಮಾಡಿಲ್ಲ" ಎಂದು ಬರೆಯಿರಿ.

---

ನಿವೃತ್ತ_ಸೇಫ್ಟಿ · 7:05

@ಮಲ್ಪೆ_ಗಾಳಿ, ದೀಪ ಅರ್ಧ ಸತ್ಯ ಮಾತ್ರ ಹೇಳುತ್ತದೆ. ಆಮ್ಲಜನಕ ಸುಮಾರು 16ಕ್ಕೆ ಇಳಿದಾಗ ಮೇಣದಬತ್ತಿ ಆರುತ್ತದೆ, ಅಲ್ಲಿಯವರೆಗೆ ಸರಿ. ಆದರೆ ವಿಷಾನಿಲ ಇದ್ದರೆ ದೀಪ ಚೆನ್ನಾಗಿಯೇ ಉರಿಯುತ್ತದೆ, ಮನುಷ್ಯ ಬೀಳುತ್ತಾನೆ. ಟ್ಯಾಂಕಿಗೆ ಒಳಗೆ ಕೋಟಿಂಗ್ ಹೊಡೆದಿದ್ದರೆ ಥಿನ್ನರ್ ಆವಿಗೆ ಅದೇ ದೀಪ ಬೆಂಕಿ ಹಚ್ಚುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

@ಸೈಟ್_ಉಡುಪಿ, ಬೈಕಂಪಾಡಿ ಕಡೆ ಕಾರ್ಖಾನೆಗಳಲ್ಲಿ ಸೇಫ್ಟಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮೊದಲು ಒಂದೇ ಪ್ರಶ್ನೆ. 3 ಗಂಟೆಗೆ 20.6 ಬಂದಾಗ ಮುಚ್ಚಳ ಎಷ್ಟು ಹೊತ್ತಿನಿಂದ ತೆರೆದಿತ್ತು? ಕಂಪ್ರೆಸರ್ ಎಷ್ಟು ಹೊತ್ತು ಓಡಿತ್ತು?

---

ಸೈಟ್_ಉಡುಪಿ · 7:11

ಮುಚ್ಚಳ ಬೆಳಿಗ್ಗೆ 10:40ರಿಂದ ತೆರೆದೇ ಇತ್ತು ಸರ್. ಕಂಪ್ರೆಸರ್ ಅವರನ್ನು ಹೊರಗೆ ತೆಗೆಯುವವರೆಗೂ ಓಡಿದೆ, ಸುಮಾರು ಇಪ್ಪತ್ತು ನಿಮಿಷ.

---

ನಿವೃತ್ತ_ಸೇಫ್ಟಿ · 7:24

ಹಾಗಾದರೆ ಆ 20.6 ಎಂಬುದು 3 ಗಂಟೆಯ ಗಾಳಿ. ಅವರು ಇಳಿದಾಗಿನ ಗಾಳಿ ಅಲ್ಲ. ನಾಲ್ಕು ಗಂಟೆ ಬಾಯಿ ತೆರೆದಿಟ್ಟು, ಕಂಪ್ರೆಸರ್‌ನಿಂದ ಗಾಳಿ ನುಗ್ಗಿಸಿ, ಜನ ಇಳಿದು ಹತ್ತಿದ ಮೇಲೆ ಎಂತಹ ಸಂಪಿನಲ್ಲೂ ಓದು ಸರಿ ಬರುತ್ತದೆ. ಹೊರಗಿನ ಗಾಳಿಯೇ 20.9. ವರದಿಯಲ್ಲಿ ಆ ಸಂಖ್ಯೆ ಬಿಡಬೇಡಿ, ಬರೆಯಿರಿ. ಆದರೆ ಜೊತೆಗೆ ಸಮಯ, ಯಾರ ಮೀಟರ್, ಮುಚ್ಚಳ ಎಷ್ಟು ಹೊತ್ತಿನಿಂದ ತೆರೆದಿತ್ತು, ಕಂಪ್ರೆಸರ್ ಓಡಿತ್ತು ಎಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಿರಿ. ಇಷ್ಟು ಇಲ್ಲದೆ ಬರೀ 20.6 ಎಂದು ನಿಂತರೆ ಆರು ತಿಂಗಳ ನಂತರ ಓದುವವರಿಗೆ "ಗಾಳಿ ಸರಿ ಇತ್ತು" ಎಂದೇ ಅರ್ಥವಾಗುತ್ತದೆ.

ಈಗ ಬಹಳ ಮುಖ್ಯವಾದದ್ದು. ಎರಡನೇ ಭಾಗದ ಮುಚ್ಚಳ ಯಾರಾದರೂ ತೆರೆದರಾ?

---

ಸೈಟ್_ಉಡುಪಿ · 7:27

ಇಲ್ಲ ಸರ್. ಅದರ ಮೇಲೆ ಟಾರ್ಪಾಲು, ಮರಳಿನ ಚೀಲ ಈಗಲೂ ಹಾಗೇ ಉಂಟು. ಒಳಗೆ ಸೆಂಟ್ರಿಂಗ್ ಕೂಡ ಹಾಗೇ. ನಡುಗೋಡೆಯಲ್ಲಿ ಅಡಿಗೆ ಒಂದು ನಾಲ್ಕಿಂಚಿನ ಪೈಪ್ ಬಿಟ್ಟಿದ್ದಾರೆ, ಅದು ನೀರಿನಲ್ಲಿ ಮುಳುಗಿದೆ.

---

ನಿವೃತ್ತ_ಸೇಫ್ಟಿ · 7:40

ನಿಮ್ಮ ವರದಿಯ ಅರ್ಧ ಜೀವ ಅಲ್ಲಿ ಕೂತಿದೆ. ಒಂದೇ ದಿನ ಕಾಂಕ್ರೀಟ್ ಹಾಕಿದ್ದು, ಅದೇ ಹಲಗೆ, ಅದೇ ಮಳೆನೀರು, ಅದೇ ತರಹದ ಮುಚ್ಚಳ. ಪೈಪ್ ಮುಳುಗಿರುವುದರಿಂದ ಗಾಳಿ ಆ ಕಡೆ ಈ ಕಡೆ ಹೋಗಿಲ್ಲ. ಬೆಳಿಗ್ಗೆ ಒಂದನೇ ಭಾಗದಲ್ಲಿ ಎಂಥ ಗಾಳಿ ಇತ್ತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಿಮಗೆ ಸಿಗುವುದಿಲ್ಲ. ಇವತ್ತೇ ರಾತ್ರಿ ಅದಕ್ಕೆ ಕಾವಲು ಹಾಕಿ. "ಅದನ್ನೂ ತೆರೆದಿಡುವ, ಗಾಳಿ ಆಡಲಿ" ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ತೆರೆದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ಪಂಪ್ ಇರುವ ನಾಲ್ಕು ಗ್ಯಾಸಿನ ಮೀಟರ್ ಬೇಕು, ಉದ್ದದ ಪೈಪಿನ ಜೊತೆ. ಕಾಂಟ್ರಾಕ್ಟರ್‌ದು ಬೇಡ, ಬೇರೆ ಕಡೆಯಿಂದ ಬಾಡಿಗೆಗೆ ತನ್ನಿ. ಕ್ಯಾಲಿಬ್ರೇಶನ್ ಸ್ಟಿಕರ್‌ನ ಫೋಟೊ ತೆಗೆಯಿರಿ. ಹೊರಗೆ, ಜನರೇಟರ್ ಹೊಗೆಯಿಂದ ದೂರದಲ್ಲಿ ಆನ್ ಮಾಡಿ 20.9 ಬರುತ್ತದಾ ನೋಡಿ. ಆಮೇಲೆ ಪ್ಲೈಯ ಮೂಲೆ ಪೈಪ್ ತೂರುವಷ್ಟೇ ಎತ್ತಿ. ಪೈಪನ್ನು ಒಂದು ಕೋಲಿಗೆ ಕಟ್ಟಿ, ಕೋಲಿನ ಮೇಲೆ ಅಳತೆಯ ಗುರುತು ಹಾಕಿ. ಮೇಲೆ, ನಡುವೆ, ನೀರಿಗೆ ಒಂದು ಗೇಣು ಮೇಲೆ. ಮೂರು ಕಡೆ ಓದು. ಪ್ರತಿ ಕಡೆ ಸಂಖ್ಯೆ ಇಳಿಯುವುದು ನಿಲ್ಲುವವರೆಗೆ ಕಾಯಿರಿ, ಪೈಪಿನಲ್ಲಿ ಗಾಳಿ ಬರಲು ಹೊತ್ತು ಹಿಡಿಯುತ್ತದೆ. ನೀರು ಎಳೆದುಕೊಂಡರೆ ಮೀಟರ್ ಹೋಯಿತು ಎಂದೇ ಲೆಕ್ಕ. ಯಾರೂ ಮುಖ ಬಗ್ಗಿಸಿ ನೋಡಬಾರದು. ಇಳಿಯುವ ಮಾತೇ ಇಲ್ಲ.

---

ಹೊಸಮನೆ_ಸುರತ್ಕಲ್ · 7:48

ನಮ್ಮ ತಾರಸಿ ಮೇಲಿನ 1000 ಲೀಟರ್ ಟ್ಯಾಂಕ್ ತೊಳೆಯಲು ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು? ಕರೆ ಹೋಗದಿದ್ದರೆ ಆ್ಯಸಿಡ್ ಹಾಕಬಹುದಾ?

---

ನಿವೃತ್ತ_ಸೇಫ್ಟಿ · 7:51

ಇದು ಬೇರೆ ವಿಷಯ, ಬೇರೆ ಪೋಸ್ಟ್ ಹಾಕಿ. ಆದರೆ ಒಂದು ಮಾತು ಈಗಲೇ ಹೇಳುತ್ತೇನೆ. ಬ್ಲೀಚಿಂಗ್ ಪುಡಿ, ಆ್ಯಸಿಡ್ ಎರಡೂ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟ್ಯಾಂಕಿನೊಳಗೆ ತಲೆ ಹಾಕಿ ತಿಕ್ಕುವವರಿಗೆ ಅದು ನೇರ ಶ್ವಾಸಕೋಶಕ್ಕೆ. ಖಂಡಿತ ಬೇಡ.

---

ಕಾಪು_ಕಾಂಟ್ರಾಕ್ಟರ್ · 8:02

ಸರ್, ನಾನು ಇಷ್ಟು ವರ್ಷದಿಂದ ಸಂಪ್ ಕಟ್ಟಿಸುತ್ತಿದ್ದೇನೆ. ಹೊಸ ಸಂಪ್, ಒಮ್ಮೆಯೂ ಬಳಸಿಲ್ಲ. ಡ್ರೈನೇಜ್ ಅಲ್ಲ, ಸೆಪ್ಟಿಕ್ ಟ್ಯಾಂಕ್ ಅಲ್ಲ. ಬರೀ ಮಳೆನೀರು. ಅದರಲ್ಲಿ ಎಲ್ಲಿಂದ ಗ್ಯಾಸ್ ಬರುತ್ತದೆ? ಜನ ಬೆಳಿಗ್ಗೆ ತಿಂಡಿ ತಿನ್ನದೆ ಕೆಲಸಕ್ಕೆ ಬರುತ್ತಾರೆ, ಸೆಕೆಯಲ್ಲಿ ಬೀಳುತ್ತಾರೆ. ಅದನ್ನೂ ನೋಡಬೇಕಲ್ವಾ?

---

ರಾಯಚೂರ_ಹುಡುಗ · 8:15

ನಾವು ಸೆಂಟ್ರಿಂಗ್ ಕೆಲಸದವರು, ಸದ್ಯ ಮಂಗಳೂರಿನಲ್ಲಿದ್ದೇವೆ. ಮಳೆಗಾಲ ಮುಗಿದ ಮೇಲೆ ಬಿಚ್ಚುವ ಸಂಪ್ ಅಂದ್ರೆ ನಮಗೆ ಅಂಜಿಕೆ ರೀ. ಒಳಗೆ ಹಲಗೆ ಮುಟ್ಟಿದರೆ ಲೋಳೆ ಲೋಳೆ ಇರುತ್ತದೆ, ಬಿಳಿ ಬೂಸಲು ಹಿಡಿದಿರುತ್ತದೆ. ಒಂದು ಹುಳಿ ವಾಸನೆ. ಒಮ್ಮೊಮ್ಮೆ ವಾಸನೆಯೂ ಇರುವುದಿಲ್ಲ. ಕಾಲು ಬತ್ತಿ ಹೋದಂಗೆ ಆಗುತ್ತದೆ, ಏಣಿ ಕಾಣುತ್ತಿರುತ್ತದೆ ಆದರೆ ಹತ್ತಲಿಕ್ಕೆ ಆಗುವುದಿಲ್ಲ. ತಿಂಡಿ ತಿಂದವನಿಗೂ ಹಂಗೇ ಆಗುತ್ತದೆ ಸಾಹೇಬ್ರೆ. ನಮ್ಮ ಮೇಸ್ತ್ರಿ ಎರಡು ದಿನ ಮೊದಲೇ ಮುಚ್ಚಳ ತೆಗೆಸಿ ಬಿಡುತ್ತಾರೆ.

---

ನಿವೃತ್ತ_ಸೇಫ್ಟಿ · 8:33

@ಕಾಪು_ಕಾಂಟ್ರಾಕ್ಟರ್, ಈ ಹುಡುಗ ಹೇಳಿದ್ದರಲ್ಲೇ ನಿಮಗೆ ಉತ್ತರ ಇದೆ. ಗ್ಯಾಸ್ ಎಲ್ಲಿಂದಲೂ ಬರಬೇಕಿಲ್ಲ. ಇರುವ ಆಮ್ಲಜನಕ ಖಾಲಿಯಾದರೆ ಸಾಕು. ಒದ್ದೆ ಮರದ ಮೇಲೆ ಬೂಸಲು, ಲೋಳೆ ಬೆಳೆಯುತ್ತದೆ. ಅವೂ ಉಸಿರಾಡುತ್ತವೆ. ಮುಚ್ಚಿದ ಸಂಪಿನಲ್ಲಿ ನಾಲ್ಕು ತಿಂಗಳು ಅವು ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಜಾಕಿ, ಕಂಬಿ ತುಕ್ಕು ಹಿಡಿಯುವುದಕ್ಕೂ ಆಮ್ಲಜನಕ ಬೇಕು. ನೀರಿನ ಅಡಿಯ ಕೆಸರು ಕೊಳೆತಿದ್ದರೆ ಅದನ್ನು ತುಳಿದಾಗ ಹೈಡ್ರೋಜನ್ ಸಲ್ಫೈಡ್ ಕೂಡ ಏಳಬಹುದು. ಹೊಸ ಸಂಪ್ ಎಂಬ ಧೈರ್ಯವೇ ಇಲ್ಲಿ ಅಪಾಯ.

19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬಾರದು. 16ರ ಹತ್ತಿರ ಬುದ್ಧಿ ಸರಿ ಕೆಲಸ ಮಾಡುವುದಿಲ್ಲ. 10ರ ಆಸುಪಾಸಿನಲ್ಲಿ ಕೆಲವೇ ನಿಮಿಷದಲ್ಲಿ ಮನುಷ್ಯ ಕುಸಿಯಬಹುದು. ದಮ್ಮು ಕಟ್ಟಿದ ಹಾಗೆ ಮುನ್ಸೂಚನೆಯೂ ಸಿಗದೆ ಹೋಗಬಹುದು.

@ರಾಯಚೂರ_ಹುಡುಗ, ನಿಮ್ಮ ಮೇಸ್ತ್ರಿ ಮಾಡುವುದು ಏನೂ ಮಾಡದಿರುವುದಕ್ಕಿಂತ ಒಳ್ಳೆಯದು, ಆದರೆ ಸಾಲದು. ಎರಡಡಿಯ ಒಂದೇ ಬಾಯಿ ಇರುವ ಕಡೆ ಗಾಳಿ ಒಳಗೆ ಹೋಗಿ ಹೊರಗೆ ಬರುವ ದಾರಿಯೇ ಇಲ್ಲ. ಎರಡು ದಿನ ಬಿಟ್ಟರೂ ಮೂಲೆಯಲ್ಲಿ ಹಾಗೇ ಉಳಿಯಬಹುದು. ಬ್ಲೋವರ್ ಪೈಪ್ ಅಡಿಯವರೆಗೆ ಇಳಿಸಿ ಊದಬೇಕು, ಆಮೇಲೆ ಮೀಟರ್‌ನಲ್ಲಿ ನೋಡಬೇಕು, ಕೆಲಸ ಮುಗಿಯುವವರೆಗೆ ಬ್ಲೋವರ್ ನಿಲ್ಲಿಸಬಾರದು.

---

ಬಂಟ್ವಾಳ_ತೋಟ · 8:41

ನಮ್ಮ ಊರಲ್ಲಿ ಬಾವಿ ಹೂಳು ತೆಗೆಯುವಾಗ ಪೆಟ್ರೋಲ್ ಪಂಪನ್ನೇ ಬಾವಿಯೊಳಗೆ ಇಳಿಸಿ ಓಡಿಸಿದರು. ಕೆಳಗಿದ್ದವರು ಬಿದ್ದರು. ಎಲ್ಲರೂ "ನೀರಲ್ಲಿ ಮುಳುಗಿ ಹೋದರು" ಎಂದೇ ಹೇಳಿದರು, ಕಾಗದದಲ್ಲೂ ಅದೇ ಬಂತು. ನೀರು ಇದ್ದದ್ದು ಮೊಣಕಾಲವರೆಗೆ ಮಾರಾಯ್ರೆ! ಪಂಪಿನ ಸುದ್ದಿಯೇ ಇಲ್ಲ. ಆಮೇಲೆ ಮನೆಯವರು ಪರಿಹಾರಕ್ಕೆ ಓಡಾಡುವಾಗ ಆ ಒಂದು ಶಬ್ದ ಎಷ್ಟು ತೊಂದರೆ ಕೊಟ್ಟಿತು ಅಂತ ನಾನೇ ನೋಡಿದ್ದೇನೆ. ಬರೆಯುವವರು ದಯವಿಟ್ಟು ನೋಡಿ ಬರೆಯಿರಿ.

---

ನಿವೃತ್ತ_ಸೇಫ್ಟಿ · 8:49

ಇದು ಇಲ್ಲಿಗೂ ಬೇಕಾದ ಮಾತು. ಕಂಪ್ರೆಸರ್ ಡೀಸೆಲ್‌ನದ್ದಾ? ಎಲ್ಲಿ ನಿಂತಿತ್ತು? ಅದರ ಹೊಗೆಯೇ ಅದರ ಬಾಯಿಗೆ ಹೋಗುವ ಹಾಗೆ ನಿಂತಿದ್ದರೆ ಒಳಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಹೋಗಿರುತ್ತದೆ. ಮ್ಯಾನ್‌ಹೋಲಿನಿಂದ ಎಷ್ಟು ದೂರ, ಯಾವ ದಿಕ್ಕು ಎಂದು ಅಳೆದು ಬರೆಯಿರಿ. ಅವರನ್ನು ಉಳಿಸಿದ್ದು ಆ ಪೈಪೇ ಇರಬಹುದು, ಅದನ್ನೂ ಬರೆಯಿರಿ. ಯಾರು ಬಿಟ್ಟದ್ದು, ಎಷ್ಟು ಹೊತ್ತಿಗೆ. ಹೊರಗೆ ತೆಗೆದಾಗ ಅವರು ಹೇಗೆ ಬಿದ್ದಿದ್ದರು, ಮುಖ ನೀರಿನಲ್ಲಿತ್ತಾ ಮೇಲಿತ್ತಾ, ಏಣಿಯಿಂದ ಎಷ್ಟು ದೂರ, ಹೆಲ್ಮೆಟ್ ಎಲ್ಲಿ ಸಿಕ್ಕಿತು, ಕೈಯಲ್ಲಿ ಏನಿತ್ತು. ಜಾರಿ ಬಿದ್ದದ್ದಾ, ಕೆಲಸ ಮಾಡುತ್ತಾ ಕುಸಿದದ್ದಾ ಎಂದು ಮುಂದೆ ತಿಳಿಯುವುದು ಇದರಿಂದಲೇ.

---

ಮಲ್ಪೆ_ಗಾಳಿ · 8:55

ಸೈಟಿನಲ್ಲಿ ಗ್ಯಾಸ್ ಕಟಿಂಗ್‌ನ ಆಕ್ಸಿಜನ್ ಸಿಲಿಂಡರ್ ಇರುತ್ತದಲ್ಲ. ಕಂಪ್ರೆಸರ್ ಬದಲು ಅದನ್ನೇ ಬಿಟ್ಟಿದ್ದರೆ ಬೇಗ ಎಚ್ಚರ ಆಗುತ್ತಿತ್ತು ಅಲ್ವಾ?

---

ನಿವೃತ್ತ_ಸೇಫ್ಟಿ · 8:58

ಬೇಡವೇ ಬೇಡ. ಆಮ್ಲಜನಕ 23.5 ದಾಟಿದರೆ ಬಟ್ಟೆ, ಕೂದಲು ಒಂದು ಕಿಡಿಗೆ ಹತ್ತಿಕೊಂಡು ಉರಿಯುತ್ತವೆ. ಗಾಳಿ ಮಾತ್ರ ಕೊಡಬೇಕು.

---

ಎಮರ್ಜೆನ್ಸಿ_ನರ್ಸ್ · 9:14

ಮಣಿಪಾಲದ ಕಡೆ ಕೆಲಸ ಮಾಡುತ್ತೇನೆ, ತುರ್ತು ವಿಭಾಗದಲ್ಲಿ. ಎರಡು ಮಾತು ಹೇಳಬೇಕು.

"ಲೋ ಬಿಪಿ" ಎಂಬುದು ಆಸ್ಪತ್ರೆಗೆ ಬಂದಾಗ ಅಳೆದ ಸಂಖ್ಯೆ. ಆಮ್ಲಜನಕ ಇಲ್ಲದೆ ಬಿದ್ದವರಿಗೂ ಬಿಪಿ ಇಳಿದಿರಬಹುದು. ಅದು ಬಿದ್ದ ಮೇಲಿನ ಸ್ಥಿತಿ. ಬಿದ್ದದ್ದೇ ಅದರಿಂದ ಎಂದು ಸೂಪರ್‌ವೈಸರ್ ಬರೆಯಲು ಬರುವುದಿಲ್ಲ. ಡಾಕ್ಟರ್ ಏನು ಬರೆದಿದ್ದಾರೋ ಅದನ್ನು "ಆಸ್ಪತ್ರೆಯ ಚೀಟಿಯ ಪ್ರಕಾರ" ಎಂದು ಹಾಕಿ, ನಿಮ್ಮ ಮಾತು ಸೇರಿಸಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಎಂದೂ ಯಾರಾದರೂ ಹೇಳಬಹುದು. ಆಂಬುಲೆನ್ಸಿನಲ್ಲೇ ಆಕ್ಸಿಜನ್ ಹಾಕಿದ ಮೇಲೆ ಅದು ಏರುತ್ತದೆ. ಕಾರ್ಬನ್ ಮೊನಾಕ್ಸೈಡ್ ಇದ್ದರಂತೂ ಅದು ಸುಳ್ಳೇ ಹೇಳುತ್ತದೆ. ಕಂಪ್ರೆಸರ್ ಹೊಗೆಯ ಸಂಶಯ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಿ, ರಕ್ತದಲ್ಲಿ ನೋಡುತ್ತಾರೆ. ತಡವಾದಷ್ಟೂ ಅದು ಕಾಣುವುದಿಲ್ಲ.

ಇನ್ನೊಂದು, ಅರ್ಧ ಏಣಿ ಇಳಿದ ಆ ಎರಡನೆಯವರು ಎಲ್ಲಿದ್ದಾರೆ?

---

ಸೈಟ್_ಉಡುಪಿ · 9:20

ಶೆಡ್ಡಿನಲ್ಲಿ ಮಲಗಿದ್ದಾರೆ. ಮಧ್ಯಾಹ್ನ ಸ್ವಲ್ಪ ತಲೆನೋವು ಅಂದರು. ಊಟ ಮಾಡಿದ್ದಾರೆ.

---

ಎಮರ್ಜೆನ್ಸಿ_ನರ್ಸ್ · 9:22

ಅಣ್ಣ, ಈಗಲೇ ಕರೆದುಕೊಂಡು ಹೋಗಿ. ಕೆಲವು ಅನಿಲ ಕುಡಿದವರಿಗೆ ಮೊದಲು ಏನೂ ಇರುವುದಿಲ್ಲ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಾತ್ರಿ ಒಬ್ಬರೇ ಮಲಗುವುದು ಬೇಡ.

---

ನಿವೃತ್ತ_ಸೇಫ್ಟಿ · 9:25

ಮತ್ತು ವರದಿಯಲ್ಲಿ ಗಾಯಗೊಂಡವರು ಇಬ್ಬರು. ಒಬ್ಬರಲ್ಲ. ಉಳಿಸಲು ಹೋದವರ ಹೆಸರು ಕಾಗದದಲ್ಲಿ ಬರುವುದೇ ಕಡಿಮೆ. ಇಂಥ ಕಡೆ ಸಾಯುವವರಲ್ಲಿ ಎಷ್ಟೋ ಜನ ಅವರೇ.

---

ಸೈಟ್_ಉಡುಪಿ · 10:48

ಎರಡನೆಯವರನ್ನು ತೋರಿಸಿದೆವು. ಒಂದು ರಾತ್ರಿ ಇರಲಿ ಎಂದು ಇಟ್ಟುಕೊಂಡಿದ್ದಾರೆ. ಸಂಪಿನ ಹತ್ತಿರ ಇಬ್ಬರನ್ನು ಕೂರಿಸಿದ್ದೇನೆ. ಬಾಡಿಗೆ ಮೀಟರ್ ಬೆಳಿಗ್ಗೆ 7ಕ್ಕೆ ಬರುತ್ತದೆ.

ಸಮಯದ ವಿಷಯದಲ್ಲಿ ಗೊಂದಲ ಉಂಟು. ಸಿಸಿಟಿವಿಯಲ್ಲಿ ನಾನು ಫೋನ್ ಹಿಡಿದು ಓಡುವುದು 11:07ಕ್ಕೆ. ಆದರೆ ನನ್ನ ಫೋನಿನಲ್ಲಿ 108ಕ್ಕೆ ಕರೆ ಹೋದದ್ದು 10:58. ಯಾವುದು ಬರೆಯಲಿ?

---

ನಿವೃತ್ತ_ಸೇಫ್ಟಿ · 11:03

ಸಿಸಿಟಿವಿ ಗಡಿಯಾರ ಮುಂದೆ ಓಡುತ್ತಿರಬೇಕು. ಡಿವಿಆರ್ ಪರದೆಯ ಪಕ್ಕದಲ್ಲಿ ಫೋನ್ ಹಿಡಿದು, ಎರಡೂ ಸಮಯ ಒಂದೇ ಫೋಟೊದಲ್ಲಿ ಬರುವ ಹಾಗೆ ತೆಗೆಯಿರಿ. ವ್ಯತ್ಯಾಸ 9 ನಿಮಿಷವೇ ಬಂದರೆ ಎಲ್ಲ ದೃಶ್ಯಕ್ಕೂ 9 ಕಳೆಯಿರಿ. ವರದಿಯಲ್ಲಿ ಕ್ಯಾಮೆರಾ ಸಮಯ, ಸರಿಪಡಿಸಿದ ಸಮಯ ಎರಡೂ ಇರಲಿ. ಮತ್ತೆ ಆ ದೃಶ್ಯ ಇವತ್ತೇ ಪೆನ್‌ಡ್ರೈವಿಗೆ ಹಾಕಿ. ಡಿವಿಆರ್ ತುಂಬಿದರೆ ಹಳೆಯದನ್ನು ತಾನೇ ಅಳಿಸುತ್ತದೆ.

---

ವಕೀಲ_ಕುಂದಾಪುರ · ಬುಧವಾರ, ಬೆಳಿಗ್ಗೆ 6:30

ಸ್ವಲ್ಪ ತಡೆಯಿರಿ. ಸೂಪರ್‌ವೈಸರ್ ತಾನೇ ಕೂತು "ಒಳಗೆ ಇಳಿಯಲು ಪರ್ಮಿಟ್ ಇರಲಿಲ್ಲ, ಮೀಟರ್ ಇರಲಿಲ್ಲ" ಎಂದೆಲ್ಲ ಬರೆದು ಸಹಿ ಹಾಕಿದರೆ ನಾಳೆ ಪೊಲೀಸರು ಅವರನ್ನೇ ಮೊದಲು ಕೇಳುತ್ತಾರೆ. ಮೀಟರ್ ಕೊಡಿಸಬೇಕಾದವರು ಯಾರು, ಮುಚ್ಚಳ ತೆರೆಯಲು ಹೇಳಿದವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಸಹಿ ಹಾಕುವ ಮೊದಲು ನಿಮ್ಮ ಕಡೆಯ ವಕೀಲರಿಗೆ ಒಮ್ಮೆ ತೋರಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಹೊರಗಿನವರಿಗೆ ತಿಳಿಸುವುದು ಬೇರೆ. ಕಟ್ಟಡ ಕಾರ್ಮಿಕರ ಹಳೆಯ 1996ರ ಕಾಯ್ದೆಯಲ್ಲಿದ್ದ ಹಾಗೆಯೇ 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದ ಗಾಯವಾದರೆ ನೋಟಿಸ್ ಕೊಡಬೇಕು ಎಂದಿದೆ. ಐಸಿಯುನಲ್ಲಿ ಇರುವವರು ಖಂಡಿತ ಅದರಲ್ಲಿ ಬರುತ್ತಾರೆ. ನಮೂನೆ ಯಾವುದು ಎಂದು ಕಾರ್ಮಿಕ ಇಲಾಖೆಯಲ್ಲೇ ಕೇಳಿ.

---

ನಿವೃತ್ತ_ಸೇಫ್ಟಿ · 6:52

ವಕೀಲರೇ, ತೋರಿಸಲಿ, ಅಭ್ಯಂತರ ಇಲ್ಲ. ಆದರೆ ಇದ್ದದ್ದನ್ನು ಬಿಟ್ಟು ಬರೆದರೆ ಒಪ್ಪುವುದಿಲ್ಲ. ಇಳಿಯುವ ಮೊದಲು ಗಾಳಿ ಅಳೆದಿಲ್ಲ ಎಂಬುದು ಒಂದು ಸಂಗತಿ. ಯಾರ ತಪ್ಪು ಎಂಬುದು ತೀರ್ಮಾನ. ಸೂಪರ್‌ವೈಸರ್ ಸಂಗತಿ ಬರೆಯಲಿ, ತೀರ್ಮಾನ ಬಿಡಲಿ. ಫಾರ್ಮಿನಲ್ಲಿ ಗ್ಯಾಸ್ ಕಾಲಂ ಇದ್ದರೆ ಅಲ್ಲಿ "ಇಲ್ಲ" ಎಂದು ಹಾಕಬೇಡಿ. "ಅಳೆದಿಲ್ಲ" ಎಂದು ಹಾಕಿ. "ಇಲ್ಲ" ಎಂದರೆ ಗ್ಯಾಸ್ ಇರಲಿಲ್ಲ ಎಂದಾಗುತ್ತದೆ.

ಸಾಕ್ಷಿಗಳ ಮಾತೂ ಹಾಗೆಯೇ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ನೀವು ಕಣ್ಣಾರೆ ಕಂಡದ್ದು ಬೇರೆ, ಅವರು ಹೇಳಿದ್ದು ಬೇರೆ. ಬಿ ಬ್ಲಾಕಿನಲ್ಲಿದ್ದ ನೀವು "ಅವರು ಇಳಿದ ಎರಡು ನಿಮಿಷಕ್ಕೆ ಬಿದ್ದರು" ಎಂದು ನಿಮ್ಮ ಮಾತಾಗಿ ಬರೆಯಬಾರದು.

---

ವಕೀಲ_ಕುಂದಾಪುರ · 6:58

ಸಂಗತಿ, ತೀರ್ಮಾನ ಎಂದು ಕಾಗದದ ಮೇಲೆ ಅಷ್ಟು ಸುಲಭದಲ್ಲಿ ಬೇರೆಯಾಗುವುದಿಲ್ಲ ಸರ್. ಕೋರ್ಟಿನಲ್ಲಿ ಅದೇ ಸಾಲನ್ನು ಹಿಡಿದು ಕೇಳುತ್ತಾರೆ. ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

---

ರಾಯಚೂರ_ಹುಡುಗ · 7:10

ಒಂದು ಮಾತು. ಸಾಕ್ಷಿ ಹೇಳುವವರು ಒಡಿಶಾ, ಬಿಹಾರದವರು ಇದ್ದರೆ ಅವರ ಮಾತಿನಲ್ಲೇ ಬರೆಸಿರಿ. ಕಾಂಟ್ರಾಕ್ಟರ್ ಕಡೆಯವರನ್ನು ನಡುವೆ ಮಾತು ತಿರುಗಿಸಲು ಕೂರಿಸಬೇಡಿ. ಮುಂದೆ ಕೂಲಿ ಕೊಡುವವರೇ ನಿಂತಿದ್ದರೆ ಯಾರು ಬಾಯಿ ಬಿಡುತ್ತಾರೆ?

---

ಸೈಟ್_ಉಡುಪಿ · 8:26

ಎಲ್ಲರಿಗೂ ಧನ್ಯವಾದ. ಇಲ್ಲಿ ಇಬ್ಬರು ಒಡಿಶಾದವರೇ. ಪಕ್ಕದ ಸೈಟಿನ ಒಬ್ಬರನ್ನು ಕರೆಸಿ ಒಡಿಯಾದಲ್ಲೇ ಬರೆಸಿದೆ.

ಡಿವಿಆರ್ ಸರಿಯಾಗಿ 9 ನಿಮಿಷ ಮುಂದೆ ಇದೆ. ಕಳೆದರೆ ಹೀಗೆ ಬರುತ್ತದೆ: ಮೊದಲನೆಯವರು ಇಳಿದದ್ದು 10:50, ಎರಡನೆಯವರು 10:53, ಕಂಪ್ರೆಸರ್ ಪೈಪ್ ಒಳಗೆ ಹೋದದ್ದು 10:56, ಅಗ್ನಿಶಾಮಕ ವಾಹನ ಗೇಟಿಗೆ 11:11, ಹೊರಗೆ ತೆಗೆದದ್ದು 11:18. ಕಂಪ್ರೆಸರ್ ಡೀಸೆಲ್, ಮ್ಯಾನ್‌ಹೋಲಿನಿಂದ 14 ಮೀಟರ್. ಹೊಗೆಯ ದಿಕ್ಕು ಗೊತ್ತಾಗುತ್ತಿಲ್ಲ.

ಈಗ ಎರಡನೇ ಭಾಗದ ಓದು. 7:35ರಿಂದ 7:50ರ ನಡುವೆ ತೆಗೆದದ್ದು, ಪ್ಲೈಯ ಮೂಲೆ ಮಾತ್ರ ಎತ್ತಿ. ಹೊರಗೆ 20.9. ಮುಚ್ಚಳದ ಕೆಳಗೆ ಒಂದಡಿಯಲ್ಲಿ ಆಮ್ಲಜನಕ 13.7. ನಡುವೆ 9.3. ನೀರಿನ ಮೇಲೆ 8.8. ಹೈಡ್ರೋಜನ್ ಸಲ್ಫೈಡ್ ಅಡಿಯಲ್ಲಿ 3 ಪಿಪಿಎಂ. ಕಾರ್ಬನ್ ಮೊನಾಕ್ಸೈಡ್ 0. ಹೊತ್ತಿಕೊಳ್ಳುವ ಅನಿಲದ ಓದು ಎಂದರೆ ಎಲ್‌ಇಎಲ್ 0.

ಮೀಟರ್ ಆ ಮೊದಲ ಓದಿಗೇ ಕೂಗಲು ಶುರು ಮಾಡಿತು, ಕೊನೆಯವರೆಗೆ ನಿಲ್ಲಲಿಲ್ಲ. ನಮ್ಮ ಜೊತೆ ನಿಂತಿದ್ದ ಕಾಂಟ್ರಾಕ್ಟರ್ ಕಡೆಯವರು ಒಂದು ಮಾತೂ ಆಡಲಿಲ್ಲ.

---

ಎಮರ್ಜೆನ್ಸಿ_ನರ್ಸ್ · 8:31

8.8! ಅವರು ಬದುಕಿದ್ದಾರೆ ಎಂಬುದೇ ನಂಬಲು ಕಷ್ಟ. ಆ ಕಂಪ್ರೆಸರ್ ಪೈಪ್ ಬಿಟ್ಟವರ ಹೆಸರು ವರದಿಯಲ್ಲಿ ಖಂಡಿತ ಹಾಕಿ.

---

ಕಾಪು_ಕಾಂಟ್ರಾಕ್ಟರ್ · 8:40

ಓದು ನೋಡಿ ನನಗೂ ಗಾಬರಿ ಆಯಿತು. ಆದರೆ ಅದು ಬೇರೆ ಭಾಗದ ಗಾಳಿ ಅಲ್ವಾ? ಅವರು ಬಿದ್ದ ಭಾಗದಲ್ಲೂ ಅಷ್ಟೇ ಇತ್ತು ಎಂದು ಹೇಗೆ ಹೇಳುತ್ತೀರಿ? ಅಲ್ಲಿ 10 ನಿಮಿಷ ಮುಚ್ಚಳ ತೆರೆದಿತ್ತು.

---

ನಿವೃತ್ತ_ಸೇಫ್ಟಿ · 8:54

ನ್ಯಾಯವಾದ ಪ್ರಶ್ನೆ. ಹೇಳಲು ಆಗುವುದಿಲ್ಲ, ಹೇಳಲೂ ಬಾರದು. ವರದಿಯಲ್ಲಿ "ಒಂದನೇ ಭಾಗದಲ್ಲಿ 8.8 ಇತ್ತು" ಎಂದು ಬರೆದರೆ ಸುಳ್ಳಾಗುತ್ತದೆ. "ಅದೇ ದಿನ ಕಾಂಕ್ರೀಟ್ ಹಾಕಿದ, ಅದೇ ರೀತಿ ಮುಚ್ಚಿದ್ದ, ಘಟನೆಯ ನಂತರ ತೆರೆಯದ ಎರಡನೇ ಭಾಗದಲ್ಲಿ ಮರುದಿನ ಹೀಗೆ ಬಂತು" ಎಂದು ಬರೆಯಬೇಕು. ಓದುವವರು ತೂಗಿ ನೋಡುತ್ತಾರೆ. 10 ನಿಮಿಷ ಮುಚ್ಚಳ ತೆರೆದಿಟ್ಟರೆ ಮೇಲಿನ ಅರ್ಧ ಮೀಟರ್ ಸ್ವಲ್ಪ ಸುಧಾರಿಸಬಹುದು, ಅಡಿ ಅಷ್ಟು ಬೇಗ ಬದಲಾಗುವುದಿಲ್ಲ ಎಂಬುದು ನನ್ನ ಅನುಭವ. ಎರಡನೆಯವರು ಅರ್ಧ ಏಣಿಯಲ್ಲೇ ತಲೆ ಸುತ್ತಿ ಹತ್ತಿ ಬಂದದ್ದೂ ಇದಕ್ಕೆ ಹೊಂದುತ್ತದೆ.

@ಸೈಟ್_ಉಡುಪಿ, ಎರಡು ಸಣ್ಣ ವಿಷಯ. ಎಲ್‌ಇಎಲ್ 0 ಎಂದು ಬಂದದ್ದನ್ನು ಹಾಗೇ ಬರೆಯಿರಿ, ಆದರೆ ಪಕ್ಕದಲ್ಲಿ ಆಮ್ಲಜನಕ 10ಕ್ಕಿಂತ ಕಡಿಮೆ ಇತ್ತು ಎಂದೂ ಸೇರಿಸಿ. ಸಾಮಾನ್ಯ ಮೀಟರ್‌ನ ಆ ಸೆನ್ಸರ್ ಕೆಲಸ ಮಾಡಲು ಆಮ್ಲಜನಕವೇ ಬೇಕು, ಇಲ್ಲದಿದ್ದರೆ 0 ತೋರಿಸಿದ್ದನ್ನು ನಂಬಲಾಗದು. ಇಂಗಾಲದ ಡೈಆಕ್ಸೈಡ್ ನಾಲ್ಕು ಗ್ಯಾಸಿನ ಮೀಟರ್‌ನಲ್ಲಿ ಬರುವುದಿಲ್ಲ. ಅದಕ್ಕೆ "ಅಳೆದಿಲ್ಲ".

ಕಾರಣದ ಗೆರೆಯಲ್ಲಿ ಇಷ್ಟು ಸಾಕು: "ತನಿಖೆ ಬಾಕಿ. ಇಳಿಯುವ ಮೊದಲು ಒಳಗಿನ ಗಾಳಿ ಅಳೆದಿಲ್ಲ. ಓದುಗಳು ಜೊತೆಗಿವೆ." ಗೆರೆ ಸಾಲದಿದ್ದರೆ ಬೇರೆ ಹಾಳೆ ಹಚ್ಚಿ. ಗೆರೆ ಚಿಕ್ಕದಿದೆ ಎಂದು ಕಾರಣವನ್ನು ಚಿಕ್ಕದು ಮಾಡಬೇಡಿ.

---

ಬಂಟ್ವಾಳ_ತೋಟ · 9:02

ಕಾರಣ ಬರೆಯದಿದ್ದರೆ ಹೆಡ್ ಆಫೀಸಿನವರು ಫಾರ್ಮ್ ವಾಪಸ್ ಕಳಿಸುತ್ತಾರೆ, ನೋಡಿ.

---

ಸೈಟ್_ಉಡುಪಿ · 9:09

ಕಳಿಸಿದರೆ ಅದೇ ಸಾಲು ಮತ್ತೆ ಬರೆದು ಕಳಿಸುತ್ತೇನೆ. ವಕೀಲರೇ, ನಮ್ಮ ಮಾವನ ಮಗ ಉಡುಪಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ, ಅವರಿಗೆ ಈಗ ತೋರಿಸುತ್ತಿದ್ದೇನೆ. ಪರ್ಮಿಟ್ ಸಾಲು ಇರಲಿ ಎಂದೇ ನನ್ನ ಮನಸ್ಸು.

---

ಕಾಪು_ಕಾಂಟ್ರಾಕ್ಟರ್ · 9:16

ಸರ್, ನನ್ನ ಒಂದು ಸೈಟಿನಲ್ಲಿ ಸೋಮವಾರ ಇದೇ ತರಹದ ಸಂಪ್ ಬಿಚ್ಚಬೇಕು. ಜೂನ್‌ನಿಂದ ಮುಚ್ಚಿದ್ದು. ಬ್ಲೋವರ್ ಎಷ್ಟು ಹೊತ್ತು ಹಾಕಬೇಕು?

---

ನಿವೃತ್ತ_ಸೇಫ್ಟಿ · 9:23

ಗಂಟೆ ಲೆಕ್ಕ ಹಿಡಿಯಬೇಡಿ, ಮೀಟರ್ ಹಿಡಿಯಿರಿ. ಮೊದಲು ಪಂಪಿನಿಂದ ಮೇಲಿನಿಂದಲೇ ನೀರು ಖಾಲಿ ಮಾಡಿ. ಪಂಪಿನ ಎಂಜಿನ್ ಹೊರಗೆ, ದೂರ ಇರಲಿ. ಬ್ಲೋವರ್ ಪೈಪ್ ಅಡಿಗೆ ಬಿಟ್ಟು ಊದಿ, ಮೂಲೆ ಮೂಲೆಯಲ್ಲಿ ಅಳೆಯಿರಿ. ಎಲ್ಲ ಕಡೆ 20.9ರ ಹತ್ತಿರ ಬಂದ ಮೇಲೆ ಹದಿನೈದು ನಿಮಿಷ ಬ್ಲೋವರ್ ನಿಲ್ಲಿಸಿ ಮತ್ತೆ ಅಳೆಯಿರಿ. ಇಳಿಯುತ್ತಿದ್ದರೆ ಹಲಗೆ ಇನ್ನೂ ಆಮ್ಲಜನಕ ತಿನ್ನುತ್ತಿದೆ ಎಂದು ಅರ್ಥ. ಹೇಗೂ ಕೆಲಸದ ಹೊತ್ತಿನಲ್ಲಿ ಬ್ಲೋವರ್ ನಡೆಯುತ್ತಲೇ ಇರಬೇಕು, ಇಳಿಯುವವರ ಎದೆಗೆ ಮೀಟರ್, ಮೈಗೆ ಬೆಲ್ಟ್, ಮೇಲೆ ಟ್ರೈಪಾಡ್ ಮತ್ತು ಹಗ್ಗ. ಹಗ್ಗದ ಬಳಿ ನಿಂತವರು ಏನೇ ಆದರೂ ಇಳಿಯಬಾರದು.

ಸೋಮವಾರದ ಮೊದಲ ಓದು ಇಲ್ಲಿ ಹಾಕಿ, ಬ್ಲೋವರ್ ಹಾಕುವ ಮೊದಲಿನದ್ದು.

---

ಕಾಪು_ಕಾಂಟ್ರಾಕ್ಟರ್ · 9:27

ಆಯ್ತು ಸರ್, ಹಾಕುತ್ತೇನೆ. ಟ್ರೈಪಾಡ್ ಬಾಡಿಗೆಗೆ ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತುಂಟಾ?